ಬಿಸಿನೀರಿನ ಪೈಪು ಆಳಕ್ಕೆ ಹೂತರೆ ಶಾಖ ಉಳಿಯುತ್ತದಾ?

ಪ್ರಶ್ನೆ: ಹುಬ್ಬಳ್ಳಿಯ ಗದಗ ರಸ್ತೆ ಕಡೆ ನಮ್ಮ ಹಾಸ್ಟೆಲ್ ಇದೆ, ಪೂರ್ತಿ ಎರೆ ನೆಲ. ಹಿತ್ತಲಿನ ಟ್ಯಾಂಕಿನಿಂದ ಬಾತ್‌ರೂಮಿನ ತನಕ 2 ಇಂಚಿನ ಜಿಐ ಪೈಪು ಅರ್ಧ ಮೀಟರ್ ಆಳದಲ್ಲಿ 40 ಮೀಟರ್ ಹೋಗಿದೆ, ಮೇಲೆ ಏನೂ ಸುತ್ತಿಲ್ಲ. ಪಂಪು ಹಗಲು ರಾತ್ರಿ ನಿಮಿಷಕ್ಕೆ ಸುಮಾರು 10 ಲೀಟರ್ ನೀರು ತಿರುಗಿಸುತ್ತದೆ. ಮಳೆಗಾಲದಲ್ಲಿ 60 ಡಿಗ್ರಿಗೆ ಹೊರಟ ನೀರು ಆ ತುದಿಗೆ 56ಕ್ಕೆ ಬರುತ್ತದೆ. ಪೈಪು ಒಂದು ಮೀಟರ್ ಆಳಕ್ಕೆ ಇಳಿಸಿದರೆ ನಷ್ಟ ಅರ್ಧ ಆಗುತ್ತದಾ?

ಉತ್ತರ: ಇಲ್ಲ. ನೂರಕ್ಕೆ 16-17ರಷ್ಟು ಮಾತ್ರ ಕಡಿಮೆ ಆಗುತ್ತದೆ. ಅಗೆಯುವ ಕೂಲಿಯನ್ನು ಅದಕ್ಕೆ ಹಾಕಬೇಡಿ.

ಹೂತ ಪೈಪಿನಿಂದ ನೆಲದ ಮೇಲ್ಮೈಗೆ ಶಾಖ ಹೋಗುವ ಲೆಕ್ಕಕ್ಕೆ ಶೇಪ್ ಫ್ಯಾಕ್ಟರ್ ಅನ್ನುವ ಒಂದೇ ಸಂಖ್ಯೆ ಸಾಕು. ಪೈಪಿನ ದಪ್ಪ, ಉದ್ದ, ಆಳ ಮೂರೂ ಅದರೊಳಗೇ ಇವೆ. ಮಣ್ಣಿನ ಗುಣ ಬೇರೆ, ಉಷ್ಣಾಂಶದ ವ್ಯತ್ಯಾಸ ಬೇರೆ. ಮೂರನ್ನೂ ಗುಣಿಸಿದರೆ ನಷ್ಟ ಸಿಗುತ್ತದೆ.

```
S = 2πL / ln(4z/D)
q = k S (T1 − T2)
```

ಇಲ್ಲಿ `z` ಅಂದರೆ ನೆಲದಿಂದ ಪೈಪಿನ ನಡುಬಿಂದುವಿನ ತನಕ ಇರುವ ಆಳ. ತುಂಬ ಜನ ಪೈಪಿನ ನೆತ್ತಿಯ ತನಕ ಅಳೆದು ತಪ್ಪುತ್ತಾರೆ. `D` ಪೈಪಿನ ಹೊರವ್ಯಾಸ, `L` ಅದರ ಉದ್ದ. `S` ಶೇಪ್ ಫ್ಯಾಕ್ಟರ್, `k` ಮಣ್ಣಿನ ಉಷ್ಣವಾಹಕತೆ, `T1` ನೀರಿನ ಉಷ್ಣಾಂಶ, `T2` ನೆಲದ ಮೇಲ್ಮೈಯದು, `q` ಶಾಖದ ನಷ್ಟ. 2 ಇಂಚಿನ ಜಿಐ ಪೈಪಿನದು 60 ಮಿಲಿಮೀಟರ್, 50 ಅಲ್ಲ. ಆಳ ವ್ಯಾಸದ ಒಂದೂವರೆ ಪಟ್ಟಿಗಿಂತ ಜಾಸ್ತಿ ಇದ್ದಾಗ ಈ ಸೂತ್ರ ನಡೆಯುತ್ತದೆ. ನಿಮ್ಮಲ್ಲಿ ಎಂಟು ಪಟ್ಟು ಇದೆ, ಚಿಂತೆಯಿಲ್ಲ.

ಈಗ ಲೆಕ್ಕ ಹಾಕೋಣ. 4 × 0.5 ಅನ್ನು 0.06ರಿಂದ ಭಾಗಿಸಿದರೆ 33.3. ಅದರ ನ್ಯಾಚುರಲ್ ಲಾಗ್ 3.51. ಹಾಗಾಗಿ ಪ್ರತಿ ಮೀಟರ್ ಪೈಪಿಗೆ ಶೇಪ್ ಫ್ಯಾಕ್ಟರ್ 1.79. ಮಳೆಗೆ ನೆನೆದ ಎರೆ ಮಣ್ಣಿನ ಉಷ್ಣವಾಹಕತೆಯನ್ನು 1.2 ಅಂತ ಹಿಡಿಯುತ್ತೇನೆ, ನೆಲದ ಮೇಲ್ಮೈ 25 ಡಿಗ್ರಿ. ಆಗ ಮೀಟರಿಗೆ 75 ವ್ಯಾಟ್, 40 ಮೀಟರಿಗೆ 3 ಕಿಲೋವ್ಯಾಟ್. ನಿಮಿಷಕ್ಕೆ 10 ಲೀಟರ್ ನೀರು ಇಷ್ಟು ಶಾಖ ಕಳೆದುಕೊಂಡರೆ 4 ಡಿಗ್ರಿ ಇಳಿಯಬೇಕು. ನೀವು ಅಳೆದದ್ದೂ ಅಷ್ಟೇ ಅಲ್ವಾ? ಅಂದರೆ ಪೈಪು ಎಲ್ಲೂ ಸೋರುತ್ತಿಲ್ಲ, ಮಣ್ಣೇ ಶಾಖ ಎಳೆದುಕೊಳ್ಳುತ್ತಿದೆ. ದಿನಕ್ಕೆ 72 ಯೂನಿಟ್ ಶಾಖ ನೆಲಕ್ಕೆ ಹೋಗುತ್ತಿದೆ.

ಆಳ ಒಂದು ಮೀಟರ್ ಮಾಡಿ ನೋಡಿ. 33.3 ಇದ್ದದ್ದು 66.7 ಆಗುತ್ತದೆ, ಆದರೆ ಅದರ ಲಾಗ್ 3.51ರಿಂದ 4.20ಕ್ಕೆ ಮಾತ್ರ ಏರುತ್ತದೆ. ನಷ್ಟ ಎರಡೂವರೆ ಕಿಲೋವ್ಯಾಟಿಗೆ ಬಂದು ನಿಲ್ಲುತ್ತದೆ.

ಯಾಕೆ ಹೀಗೆ ಅನ್ನುವುದು ತಿಳಿದರೆ ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ಪೈಪಿಗೆ ಅಂಟಿಕೊಂಡ ಮಣ್ಣಿನಲ್ಲಿ ಶಾಖಕ್ಕೆ ಹಾದಿ ಇಕ್ಕಟ್ಟು. ಹೊರಗೆ ಹೋದಂತೆ ಸುತ್ತಳತೆ ಹಿಗ್ಗುತ್ತದೆ, ಹಾದಿ ಅಗಲವಾಗುತ್ತದೆ. ಹಾಗಾಗಿ ತಡೆಯೆಲ್ಲ ಪೈಪಿನ ಹತ್ತಿರವೇ ಇರುತ್ತದೆ. ನಿಮ್ಮ ಪೈಪಿನ ನೆತ್ತಿಯಿಂದ ಸುಮಾರು 12 ಸೆಂಟಿಮೀಟರ್ ಮೇಲೆ, ಒಂದು ಗೇಣೂ ಆಗದಷ್ಟರಲ್ಲಿ, ಉಷ್ಣಾಂಶ 60ರಿಂದ 42.5ಕ್ಕೆ ಇಳಿದಿರುತ್ತದೆ. ಅರ್ಧ ಇಳಿಕೆ ಅಲ್ಲೇ ಮುಗಿಯಿತು. ಉಳಿದರ್ಧಕ್ಕೆ ಮೇಲಿನ 35 ಸೆಂಟಿಮೀಟರ್ ಮಣ್ಣು ಬೇಕಾಗುತ್ತದೆ. ನೀವು ಆಳಕ್ಕೆ ಇಳಿಸಿದಾಗ ಸೇರುವುದು ದೂರದ ಮಣ್ಣು, ಹಾದಿ ಆಗಲೇ ಅಗಲವಾಗಿರುವ ಕಡೆಯದು. ಅದು ತಡೆಯುವುದು ಕಡಿಮೆ.

ಹಾಗಾದರೆ ತಡೆ ಎಲ್ಲಿ ಹಾಕಬೇಕು? ಇಕ್ಕಟ್ಟು ಇರುವ ಕಡೆ, ಪೈಪಿನ ಮೈಗೇ. 25 ಮಿಲಿಮೀಟರ್ ದಪ್ಪದ ನೈಟ್ರೈಲ್ ರಬ್ಬರ್ ಹೊದಿಕೆ ತೊಡಿಸಿ, ಅದೇ ಅರ್ಧ ಮೀಟರ್ ಆಳದಲ್ಲಿ ಬಿಡಿ. ಈಗ ಮಣ್ಣಿನ ತಡೆ, ಅಂದರೆ ಒಂದು ವ್ಯಾಟ್ ಹಾಯಲು ಬೇಕಾಗುವ ಡಿಗ್ರಿ ವ್ಯತ್ಯಾಸ, ಮೀಟರಿಗೆ 0.47 ಇದೆ. ರಬ್ಬರಿನ ಉಷ್ಣವಾಹಕತೆ 0.035 ಅಂತ ಹಿಡಿದರೆ ಆ ಒಂದು ಇಂಚಿನದ್ದೇ 2.76. ಹೊದಿಕೆಯಿಂದ ಹೊರವ್ಯಾಸ 110 ಮಿಲಿಮೀಟರ್ ಆಗುವುದರಿಂದ ಮಣ್ಣಿನ ತಡೆ ಸ್ವಲ್ಪ ಇಳಿದು 0.38 ಆಗುತ್ತದೆ, ಅದರಿಂದ ತೊಂದರೆಯಿಲ್ಲ. ಒಟ್ಟು ನಷ್ಟ 3 ಕಿಲೋವ್ಯಾಟಿನಿಂದ 450 ವ್ಯಾಟಿನ ಹತ್ತಿರಕ್ಕೆ ಬರುತ್ತದೆ. ನೀರು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಮಾತ್ರ ತಣ್ಣಗಾಗುತ್ತದೆ.

ಆದರೆ ಹೊದಿಕೆ ಒದ್ದೆ ಆಗಬಾರದು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಧಾರವಾಡದ ಒಂದು ಕಟ್ಟಡದಲ್ಲಿ ಪೈಪಿಗೆ ಗ್ಲಾಸ್‌ವೂಲ್ ಸುತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಕಟ್ಟಿ ಹೂತಿದ್ದರು. ಜಿಟಿಜಿಟಿ ಮಳೆಯ ಎರಡು ತಿಂಗಳು ಕಳೆದ ಮೇಲೆ ಅಗೆಸಿದೆ. ಹಾಳೆ ಕೀಲುಗಳ ಹತ್ತಿರ ಬಿಚ್ಚಿಕೊಂಡಿತ್ತು. ಒಳಗಿನ ಗ್ಲಾಸ್‌ವೂಲ್ ಹಿಂಡಿದರೆ ಅರಿವೆಯಂತೆ ನೀರು ಸುರಿಯಿತು. ನೀರು ತುಂಬಿದ ಹೊದಿಕೆ ಶಾಖ ತಡೆಯುವುದಿಲ್ಲ. ಎರೆ ಮಣ್ಣಿನಲ್ಲಿ ತೋಡಿದ ಕಾಲುವೆಯ ನೀರು ಬೇಗ ಇಂಗುವುದೂ ಇಲ್ಲ, ತೊಟ್ಟಿಯಂತೆ ನಿಂತಿರುತ್ತದೆ. ಅದಕ್ಕೇ ನೀರು ಹೀರದ ನೈಟ್ರೈಲ್ ಹೇಳಿದ್ದು. ಕೀಲುಗಳನ್ನು ಅದರದೇ ಅಂಟಿನಿಂದ ಮುಚ್ಚಿಸಿ, ಇಡೀ ಪೈಪನ್ನು ದಪ್ಪ ಪಿವಿಸಿ ಕೊಳವೆಯೊಳಗೆ ತೂರಿಸಿ. ಎರೆ ನೆಲ ಉಬ್ಬಿ ಕುಗ್ಗಿ ಮಾಡುವಾಗ ಎಳೆತ ಆ ಕೊಳವೆಗೆ ಬೀಳಲಿ, ರಬ್ಬರಿಗೆ ಬೇಡ.

ಸೂತ್ರ ಎಲ್ಲಿ ಸೋಲುತ್ತದೆ ಅನ್ನುವುದನ್ನೂ ಹೇಳಬೇಕು. ಮಣ್ಣು ಎಲ್ಲ ಕಡೆ ಒಂದೇ ಥರ, ಬಿರುಕಿಲ್ಲದೆ ಇದೆ ಅಂತ ಅದು ನಂಬುತ್ತದೆ. ನಮ್ಮ ಎರೆ ಹಾಗಿಲ್ಲ. ಬೇಸಿಗೆಗೆ ಒಣಗಿದಾಗ ಉಷ್ಣವಾಹಕತೆ 0.4ರ ಆಸುಪಾಸಿಗೆ ಇಳಿಯಬಹುದು. ಲೆಕ್ಕದ ಪ್ರಕಾರ ನಷ್ಟ ಮೂರನೇ ಒಂದು ಪಾಲಾಗಬೇಕು. ಆದರೆ ಅದೇ ಹೊತ್ತಿಗೆ ನೆಲ ಬಾಯಿ ಬಿಡುತ್ತದೆ. ಬಿರುಕು ಪೈಪಿನ ತನಕ ಇಳಿದರೆ ಗಾಳಿ ನೇರವಾಗಿ ಅದನ್ನು ಮುಟ್ಟುತ್ತದೆ, ಆಗ ಈ ಲೆಕ್ಕ ಹಿಡಿಯಬೇಡಿ. ಪೈಪಿನ ಗೆರೆಯಲ್ಲಿ ಬಿರುಕು ಕಂಡರೆ ಒಂದು ಕಬ್ಬಿಣದ ಸರಳು ಇಳಿಸಿ ಆಳ ನೋಡಿ.

ಇನ್ನೊಂದು, ಇದು ದಿನಗಟ್ಟಲೆ ಒಂದೇ ಸಮ ಬಿಸಿ ಇರುವ ಪೈಪಿನ ಲೆಕ್ಕ. ಅರ್ಧ ಮೀಟರ್ ಮಣ್ಣು ಒಂದು ಹದಕ್ಕೆ ಬರಲು ಐದಾರು ದಿನ ಬೇಕು. ನಿಮ್ಮ ಪಂಪು ನಿಲ್ಲದೆ ಓಡುವುದರಿಂದ ಲೆಕ್ಕ ಕೂಡಿತು. ಬೆಳಿಗ್ಗೆ ಎರಡು ತಾಸು ಮಾತ್ರ ನೀರು ಬಿಡುವ ಮನೆಗಳಲ್ಲಿ ತಣ್ಣನೆಯ ಮಣ್ಣು ಮೊದಲು ಇದಕ್ಕಿಂತ ಜಾಸ್ತಿ ಶಾಖ ಹೀರುತ್ತದೆ. ಮೇಲ್ಮೈಗೂ ಮಧ್ಯಾಹ್ನದ ಬಿಸಿಲಿನ ಅಥವಾ ನಸುಕಿನ ಚಳಿಯ ಅಂಕಿ ಹಾಕಬೇಡಿ, ಕೆಲವು ವಾರಗಳ ಸರಾಸರಿ ಹಾಕಿ. ಒಂದು ದಿನದ ಏರಿಳಿತ ಅರ್ಧ ಮೀಟರ್ ಕೆಳಗೆ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ.

ಹೊದಿಕೆ ಹಾಕಿಸಿದ ಮೇಲೆ ಕೆಲಸ ಸರಿಯಾಗಿದೆಯೋ ಇಲ್ಲವೋ ನೋಡಲು ಎರಡು ತುದಿಯ ಥರ್ಮಾಮೀಟರ್ ಇದ್ದೇ ಇದೆ. ನೆಲವೂ ಹೇಳುತ್ತದೆ. ಒಂದು ಜೋರು ಮಳೆ ನಿಂತು ಮೋಡ ಸರಿದ ಮೇಲೆ ಹಿತ್ತಲಿಗೆ ಹೋಗಿ ನೋಡಿ. ಈಗ ಪೈಪಿನ ನೇರಕ್ಕೆ ಚದರ ಮೀಟರಿಗೆ 48 ವ್ಯಾಟ್‌ನಷ್ಟು ಶಾಖ ಮೇಲೆ ಬರುತ್ತಿದೆ. ಸುತ್ತ ಒದ್ದೆ ಇದ್ದರೂ ಆ ಪಟ್ಟಿ ಮೊದಲು ಒಣಗಿ ಬಿಳಚಿಕೊಳ್ಳುತ್ತದೆ. ಹೊದಿಕೆ ಹಾಕಿದ ಮೇಲೂ ಎಲ್ಲಾದರೂ ಒಂದು ಮಾರು ಜಾಗ ಹಾಗೆ ಬೇಗ ಒಣಗುತ್ತಿದ್ದರೆ ಅಲ್ಲಿ ಹೊದಿಕೆಯ ಕೀಲು ಬಿಚ್ಚಿದೆ. ಅಗೆಯುವುದಾದರೆ ಅಷ್ಟನ್ನೇ ಅಗೆಯಿರಿ.