ಲಿಲಾವಿನಲ್ಲಿ ‘ಬೇಡ’ ಎನ್ನುವ ಹಕ್ಕು

‘ಸಂಪಾದಕರೇ, ನಾನು ನಿವೃತ್ತ ಗಣಿತ ಶಿಕ್ಷಕ. ಮೊಮ್ಮಗನ ಸಹಾಯದಿಂದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ತೆರೆದು ಸರ್ಕಾರಿ ಸಾಲಪತ್ರ ಕೊಳ್ಳಲು ಹೊರಟಿದ್ದೇನೆ. ಕೆಲವೊಮ್ಮೆ ಕೇಳುವವರು ಇದ್ದರೂ ರಿಸರ್ವ್ ಬ್ಯಾಂಕು ಅವರ ಬಿಡ್ ತಿರಸ್ಕರಿಸಿ, ಉಳಿದ ಪತ್ರಗಳನ್ನು ಡೀಲರುಗಳ ತಲೆಗೆ ಕಟ್ಟುತ್ತದೆ ಎಂದು ಓದಿದೆ. ನಮ್ಮ ಬ್ಯಾಡಗಿ ಪೇಟೆಯಲ್ಲಿ ಕೇಳಿದವನ ದರವೇ ದರ. ಬಡ್ಡಿ ಎಷ್ಟೆಂದು ಮೇಲೆ ಕೂತವರು ಮೊದಲೇ ನಿಶ್ಚಯಿಸಿದ್ದರೆ ಲಿಲಾವಿನ ನಾಟಕ ಯಾಕೆ? ನಷ್ಟ ನನ್ನಂಥ ಪಿಂಚಣಿದಾರನಿಗೇ ಅಲ್ಲವೇ?’
— ಓದುಗರೊಬ್ಬರು, ಬೆಟಗೇರಿ

ಮಾಸ್ತರರೇ, ಬ್ಯಾಡಗಿಯ ಉದಾಹರಣೆ ತಂದು ನನ್ನ ಕೆಲಸ ಹಗುರ ಮಾಡಿದ್ದೀರಿ. ಆದರೆ ಪೇಟೆಯನ್ನು ಅರ್ಧ ಮಾತ್ರ ನೋಡಿದ್ದೀರಿ. ಟೆಂಡರಿನಲ್ಲಿ ಬಂದ ದರ ಮನಸ್ಸಿಗೆ ಬರದಿದ್ದರೆ ಮೆಣಸಿನಕಾಯಿ ಬೆಳೆದವನು ‘ಕೊಡಂಗಿಲ್ಲ’ ಎಂದು ಚೀಲ ಎತ್ತಿ ಕೋಲ್ಡ್ ಸ್ಟೋರೇಜಿಗೆ ಹಾಕುವುದಿಲ್ಲವೇ? ಅವನು ಹಾಗೆ ಮಾಡಿದಾಗ ನಾವು ಜಾಣ ಎನ್ನುತ್ತೇವೆ, ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕು ಮಾಡಿದರೆ ನಾಟಕ ಎನ್ನುತ್ತೇವೆ. ಮಾರುವವನಿಗೆ ‘ಬೇಡ’ ಎನ್ನುವ ಹಕ್ಕು ಇಲ್ಲದ ಕಡೆ ನಡೆಯುವುದು ಲಿಲಾವಲ್ಲ, ಜಪ್ತಿ. ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ ಎಂಬುದು ಹಳೆಯ ಓದುಗರಿಗೆ ಗೊತ್ತು.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲವೆಂದಲ್ಲ. ಉಳಿತಾಯದ ಮೇಲೆ ಬದುಕುವವನಿಗೆ ಕಾಲು ಪರ್ಸೆಂಟೂ ದೊಡ್ಡದೇ. ಸರ್ಕಾರದ ಸಾಲ ನಿರ್ವಹಿಸುವವರೂ ಬಡ್ಡಿನೀತಿ ನಡೆಸುವವರೂ ಒಬ್ಬರೇ ಆಗಬಾರದು ಎಂಬ ವಾದವೂ ಹಳೆಯದು. 2015ರ ಬಜೆಟ್ಟಿನಲ್ಲಿ ಸಾಲಕ್ಕೆ ಬೇರೆ ಸಂಸ್ಥೆ ಮಾಡುವ ಪ್ರಸ್ತಾಪ ಬಂದು, ಕೆಲವೇ ತಿಂಗಳಲ್ಲಿ ಹಿಂದಕ್ಕೆ ಹೋಯಿತು. ಅದು ಅಲ್ಲಿಗಿರಲಿ.

ನೀವು ಗಣಿತದವರು, ಲೆಕ್ಕದ ಹಾದಿಯಲ್ಲೇ ಹೋಗೋಣ. ಶುಕ್ರವಾರ ಬೆಳಿಗ್ಗೆ ಕೇಂದ್ರ ಸರ್ಕಾರ ಹತ್ತು ವರ್ಷದ, ಶೇ 7 ಬಡ್ಡಿಯ, ಮೊದಲೇ ಚಾಲ್ತಿಯಲ್ಲಿರುವ ಪತ್ರವನ್ನು ₹10,000 ಕೋಟಿಯಷ್ಟು ಮಾರಲು ಬಂದಿದೆ ಎಂದುಕೊಳ್ಳಿ. ಇದು ನಾನು ಕಟ್ಟಿದ ಉದಾಹರಣೆ. ಸಣ್ಣವರಿಗೆ ಮೀಸಲಿಡುವ ಶೇ 5 ಪಾಲನ್ನು ಲೆಕ್ಕ ಸರಳವಾಗಲೆಂದು ಬಿಟ್ಟಿದ್ದೇನೆ. ಹಳೆಯ ಪತ್ರವಾದ್ದರಿಂದ ಬ್ಯಾಂಕುಗಳು, ವಿಮಾ ಕಂಪನಿಗಳು, ಡೀಲರುಗಳು ಬಿಡ್ ಹಾಕುವುದು ಬೆಲೆಯಲ್ಲಿ. ನೂರು ರೂಪಾಯಿ ಮುಖಬೆಲೆಗೆ ಕಡಿಮೆ ಕೊಟ್ಟಷ್ಟೂ ಕೊಂಡವನ ಯೀಲ್ಡ್, ಅಂದರೆ ಕೊಟ್ಟ ಬೆಲೆಗೆ ವರ್ಷಕ್ಕೆ ಸಿಗುವ ಪ್ರತಿಫಲ, ಹೆಚ್ಚು. ಹತ್ತು ವರ್ಷದ ಇಂಥ ಪತ್ರದಲ್ಲಿ ಯೀಲ್ಡ್ ಶೇಕಡಾ 0.01 ಏರಿದರೆ ಬೆಲೆ ಸುಮಾರು ಏಳು ಪೈಸೆ ಇಳಿಯುತ್ತದೆ. ಇಷ್ಟು ನೆನಪಿಟ್ಟರೆ ಸಾಕು.

ಅಂದು ಪೇಟೆಯಲ್ಲಿ ಅದೇ ಪತ್ರ ಶೇ 7.04 ಯೀಲ್ಡ್‌ನ ಆಸುಪಾಸು ವ್ಯವಹಾರವಾಗುತ್ತಿದೆ. ಹನ್ನೊಂದೂವರೆಗೆ ಬಿಡ್ಡಿಂಗ್ ಮುಗಿಯುತ್ತದೆ. ಹೆಚ್ಚು ಬೆಲೆ ಕೊಟ್ಟವರಿಂದ ಶುರು ಮಾಡಿ ರಿಸರ್ವ್ ಬ್ಯಾಂಕಿನವರು ಬಿಡ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ₹99.79, ಅಂದರೆ 7.03ರವರೆಗೆ 4,000 ಕೋಟಿ ಬಂತು. ₹99.65, ಅಂದರೆ 7.05ಕ್ಕೆ ಬಂದಾಗ ಒಟ್ಟು 8,000 ಕೋಟಿ. ಮುಂದೆ ಬಿಡ್‌ಗಳು ತೆಳುವಾದವು. ಪೂರ್ತಿ 10,000 ಕೋಟಿ ತುಂಬಬೇಕಾದರೆ ₹99.29ಕ್ಕೆ, ಅಂದರೆ 7.10ಕ್ಕೆ ಇಳಿಯಬೇಕು.

ಈಗ ಗೆರೆ ಎಲ್ಲಿ ಎಳೆಯಬೇಕು? ಆ ಗೆರೆಯೇ ಕಟ್-ಆಫ್. 7.10ಕ್ಕೆ ಎಳೆದರೆ ಎಲ್ಲ ಮಾರಾಟವಾಗುತ್ತದೆ. ಆದರೆ ಹತ್ತು ವರ್ಷದ ಪತ್ರಕ್ಕೆ 2021ರ ಜುಲೈಯಿಂದ ಕೆಲಕಾಲ ಇದ್ದ ಒಂದೇ ಬೆಲೆಯ ಪದ್ಧತಿಯಲ್ಲಿ ಈ ಲಿಲಾವು ನಡೆಯಿತು ಎಂದುಕೊಳ್ಳಿ. ಗೆದ್ದವರೆಲ್ಲ ಕಟ್-ಆಫ್ ಬೆಲೆಯನ್ನಷ್ಟೇ ಕೊಡುತ್ತಾರೆ, ₹99.79 ಕೊಡಲು ತಯಾರಿದ್ದವನೂ ₹99.29 ಕೊಟ್ಟು ನಗುತ್ತಾ ಹೋಗುತ್ತಾನೆ. ಕೊನೆಯ 2,000 ಕೋಟಿಯ ಆಸೆಗೆ ಇಡೀ 10,000 ಕೋಟಿಯ ಮೇಲೆ ನೂರಕ್ಕೆ 36 ಪೈಸೆ ಬಿಟ್ಟುಕೊಟ್ಟಂತಾಯಿತು. ಅದು 36 ಕೋಟಿ ರೂಪಾಯಿ. ಗೆರೆಯನ್ನು 7.05ಕ್ಕೇ ಎಳೆದರೆ 8,000 ಕೋಟಿ ಮಾರಾಟವಾಗಿ, ಉಳಿದ 2,000 ಕೋಟಿ ಪ್ರೈಮರಿ ಡೀಲರುಗಳ ಮೇಲೆ ಬೀಳುತ್ತದೆ. ಪೇಟೆಯವರು ಇದಕ್ಕೆ ‘ಡಿವಾಲ್ವ್ ಆಯಿತು’ ಎನ್ನುತ್ತಾರೆ.

‘ತಲೆಗೆ ಕಟ್ಟುತ್ತಾರೆ’ ಎಂದು ಬರೆದಿರಿ. ಖರೇ ಹೇಳಬೇಕೆಂದರೆ ಅವರು ಆ ತಲೆಯನ್ನು ಬಾಡಿಗೆಗೆ ಕೊಟ್ಟವರು. ಯಾರೂ ಕೊಳ್ಳದೆ ಉಳಿದದ್ದನ್ನು ತಾವು ಎತ್ತುತ್ತೇವೆಂದು ಡೀಲರುಗಳು ಪ್ರತಿ ಲಿಲಾವಿಗೂ ಮುಂಚೆ ಒಪ್ಪಿಕೊಂಡು, ಅದಕ್ಕೆ ಕಮಿಷನ್ ಪಡೆಯುತ್ತಾರೆ. ಆ ಕಮಿಷನ್ನಿಗೂ ಬೇರೆ ಬಿಡ್ಡಿಂಗ್ ಇದೆ, ನೂರು ರೂಪಾಯಿಗೆ ಇಷ್ಟು ಪೈಸೆ ಎಂದು. ಮಾಮೂಲಿ ದಿನ ಅದು ಅತ್ಯಲ್ಪ. ಒಂದು ಶುಕ್ರವಾರ ಅದು ಧಡಕ್ಕನೆ ಏರಿತೆಂದರೆ, ಮಾಲು ತಮ್ಮ ಮೇಲೆಯೇ ಬೀಳಬಹುದು ಎಂದು ಡೀಲರುಗಳು ಅಂಜಿದ್ದಾರೆ ಎಂದರ್ಥ. ಲಿಲಾವು ಸೊರಗಲಿದೆ ಎಂಬುದರ ಮೊದಲ ಸುಳಿವು ಅದು.

ಈ 36 ಕೋಟಿ ಉಳಿತಾಯ ದೊಡ್ಡ ಸಂಗತಿಯೇನಲ್ಲ. ದೊಡ್ಡದು ಮುಂದಿನ ವಾರದ್ದು. ಫಲಿತಾಂಶ ಹೊರಬಿದ್ದ ಗಳಿಗೆಯಲ್ಲಿ, 7.05ಕ್ಕಿಂತ ಮೇಲೆ ಕೊಡಲು ರಿಸರ್ವ್ ಬ್ಯಾಂಕಿಗೆ ಮನಸ್ಸಿಲ್ಲ ಎಂಬುದು ದೇಶದ ಎಲ್ಲ ಬ್ಯಾಂಕುಗಳ ಟ್ರೆಷರಿಗಳಿಗೂ ತಿಳಿಯುತ್ತದೆ. 7.10 ಕೇಳಿ ಬರಿಗೈಯಲ್ಲಿ ಹೋದವನು ಮುಂದಿನ ಶುಕ್ರವಾರ 7.06 ಕೇಳುತ್ತಾನೆ. ರೆಪೋ ದರ ಒಂದು ರಾತ್ರಿಯ ಹಣದ ಬೆಲೆ. ಅಲ್ಲಿಂದ ಹತ್ತು ವರ್ಷದ ಹಣದ ಬೆಲೆಯವರೆಗೆ ಕೈ ಚಾಚಲು ಕೇಂದ್ರ ಬ್ಯಾಂಕಿಗೆ ಇರುವ ದಾರಿಗಳು ಕೆಲವೇ, ಅವುಗಳಲ್ಲಿ ಈ ಗೆರೆ ಒಂದು. ಅದೂ ತಾನು ಒಂದು ರೂಪಾಯಿಯ ಪತ್ರ ಕೊಳ್ಳದೆ! ಕೊಳ್ಳುವಂತೆಯೂ ಇಲ್ಲ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ 2006ರ ಏಪ್ರಿಲ್‌ನಿಂದ, ಅಸಾಧಾರಣ ಸಂದರ್ಭ ಬಿಟ್ಟರೆ, ರಿಸರ್ವ್ ಬ್ಯಾಂಕು ಸರ್ಕಾರದ ಪತ್ರವನ್ನು ನೇರ ಲಿಲಾವಿನಲ್ಲಿ ಎತ್ತುವ ಹಾಗಿಲ್ಲ.

ಈ ಗೆರೆಯ ತಾಕತ್ತು ಎಷ್ಟು ಎಂಬುದನ್ನು ಕೋವಿಡ್ ವರ್ಷ ತೋರಿಸಿತು. 2020ರ ಮೇ ತಿಂಗಳಲ್ಲಿ ಕೇಂದ್ರದ ಆ ವರ್ಷದ ಸಾಲದ ಅಂದಾಜು 7.8 ಲಕ್ಷ ಕೋಟಿಯಿಂದ 12 ಲಕ್ಷ ಕೋಟಿಗೆ ಜಿಗಿಯಿತು. ಅಷ್ಟು ಮಾಲು ಬಂದರೆ ಯಾರೇ ಆದರೂ ಬೆಲೆ ಕಡಿಮೆ ಕೇಳುತ್ತಾರೆ. ಆಗ ಗವರ್ನರ್ ಆಗಿದ್ದ ಶಕ್ತಿಕಾಂತ ದಾಸ್ ಅಕ್ಟೋಬರ್‌ನಲ್ಲಿ, ಯೀಲ್ಡ್‌ಗಳು ಶಿಸ್ತಿನಿಂದ ಸಾಗುವುದು ಸಾರ್ವಜನಿಕ ಸ್ವತ್ತು, ಅದನ್ನು ಕಾಯುವುದು ಪೇಟೆಯವರದೂ ನಮ್ಮದೂ ಕೂಡಿದ ಹೊಣೆ ಎಂಬರ್ಥದ ಮಾತಾಡಿದರು. ಹೇಳಿದಂತೆಯೇ ಹತ್ತು ವರ್ಷದ ಪತ್ರದ ಹಲವು ಲಿಲಾವುಗಳು ಡೀಲರುಗಳ ಮೇಲೆ ಬಿದ್ದವು. ಹತ್ತು ವರ್ಷದ ಯೀಲ್ಡ್ ಬಹುಕಾಲ ಆರರ ಸುತ್ತಲೇ ತಿರುಗಿತು. ಆ ವರ್ಷ ಕೇಂದ್ರ ಪಡೆದ ಸಾಲದ ಸರಾಸರಿ ಖರ್ಚು ಶೇ 5.79. ಒಂದೂವರೆ ದಶಕದಲ್ಲೇ ಕಡಿಮೆ. ಊರೆಲ್ಲ ಬಾಗಿಲು ಹಾಕಿ ಕೂತ ವರ್ಷದಲ್ಲಿ ಇದು ಆಯಿತು ಎಂಬುದನ್ನು ನಾನು ಈಗಲೂ ಬೆರಗಿನಿಂದಲೇ ನೆನೆಯುತ್ತೇನೆ.

ಗೆರೆ ಎಳೆದ ಮಾತ್ರಕ್ಕೆ ಪೇಟೆ ಬಗ್ಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಡೀಲರು ತನ್ನ ಮೇಲೆ ಬಿದ್ದ 2,000 ಕೋಟಿಯನ್ನು ಮನೆಯಲ್ಲಿಟ್ಟು ಪೂಜೆ ಮಾಡುವುದಿಲ್ಲ, ಪೇಟೆಗೆ ತಂದು ಮಾರುತ್ತಾನೆ. ಅಲ್ಲಿ 7.10ಕ್ಕೇ ವ್ಯವಹಾರ ಕುದುರಿದರೆ ಶುಕ್ರವಾರದ 7.05 ಕಾಗದದ ಮೇಲಿನ ಅಂಕಿ ಅಷ್ಟೆ. 2021ರ ಬಜೆಟ್ ಮತ್ತೆ ಭಾರಿ ಸಾಲದ ಲೆಕ್ಕ ತಂದಾಗ ಹೀಗೇ ಆಯಿತು. ಜನವರಿ ಕೊನೆಗೆ 5.9ರಲ್ಲಿದ್ದ ಯೀಲ್ಡ್ ಮಾರ್ಚ್ ಹೊತ್ತಿಗೆ 6.2ಕ್ಕೆ ಹೋಯಿತು. ಆಗ ‘ಬೇಡ’ ಎನ್ನುವುದರ ಜೊತೆಗೆ ‘ನಾನೇ ಕೊಳ್ಳುತ್ತೇನೆ’ ಎನ್ನುವುದೂ ಬೇಕಾಯಿತು. ಏಪ್ರಿಲ್ 7ರಂದು ರಿಸರ್ವ್ ಬ್ಯಾಂಕಿನವರು ಜಿ-ಸ್ಯಾಪ್ ಎಂಬ ಯೋಜನೆ ಪ್ರಕಟಿಸಿ, ಮೂರು ತಿಂಗಳಲ್ಲಿ ಒಂದು ಲಕ್ಷ ಕೋಟಿಯ ಪತ್ರಗಳನ್ನು ಪೇಟೆಯಿಂದ, ಅಂದರೆ ಎರಡನೇ ಕೈಯಿಂದ, ಕೊಳ್ಳುವುದಾಗಿ ಮುಂಚಿತವಾಗಿಯೇ ಹೇಳಿದರು.

ಅದೇ ವರ್ಷ ಜುಲೈ 9ರ ಲಿಲಾವು ನನಗೆ ಇಂದಿಗೂ ಪ್ರಿಯ. ಅಂದು ಬಂದದ್ದು ಹತ್ತು ವರ್ಷದ ಹೊಸ ಪತ್ರ. ಹೊಸ ಪತ್ರಕ್ಕೆ ಬಿಡ್ ಬೆಲೆಯಲ್ಲಲ್ಲ, ಯೀಲ್ಡ್‌ನಲ್ಲಿ. ಕಟ್-ಆಫ್ ಯಾವುದೋ ಅದೇ ಆ ಪತ್ರದ ಹತ್ತು ವರ್ಷದ ಬಡ್ಡಿ, ಅದೇ ಅದರ ಹೆಸರು. ಹಳೆಯ ಪತ್ರ ಪೇಟೆಯಲ್ಲಿ 6.10ಕ್ಕಿಂತ ಮೇಲೆಯೇ ಇತ್ತು. ರಿಸರ್ವ್ ಬ್ಯಾಂಕು ಗೆರೆ ಎಳೆದದ್ದು 6.10ಕ್ಕೆ. ‘6.10% GS 2031’ ಎಂದು ಪರದೆಯ ಮೇಲೆ ಇಂದಿಗೂ ಕಾಣುವ ಆ ಹೆಸರಿನಲ್ಲಿ ಅಂದಿನ ಹಟ ಅಚ್ಚೊತ್ತಿದೆ. ಆದರೆ ಅಕ್ಟೋಬರ್‌ನಲ್ಲಿ ಜಿ-ಸ್ಯಾಪ್ ಖರೀದಿ ನಿಂತಿತು, ಬೆಲೆಯೇರಿಕೆ ಜೋರಾಯಿತು, 2022ರ ಬೇಸಿಗೆಯಲ್ಲಿ ಹತ್ತು ವರ್ಷದ ಯೀಲ್ಡ್ ಏಳೂವರೆ ಮುಟ್ಟಿತು. ಹಣದುಬ್ಬರವೇ ಎದ್ದು ನಿಂತ ಮೇಲೆ ಗೆರೆ ಏನು ಮಾಡೀತು?

ಇನ್ನು ನಿಮ್ಮ ನಷ್ಟದ ಮಾತು. ಯೀಲ್ಡ್ ಏರಿದರೆ ಪಿಂಚಣಿದಾರನಿಗೆ ಹಬ್ಬ ಎಂದುಕೊಂಡಿದ್ದೀರಿ. ನಿಮ್ಮ ಠೇವಣಿ ಇರುವ ಪಟ್ಟಣ ಸಹಕಾರಿ ಬ್ಯಾಂಕು ಕಾನೂನಿನಂತೆ ಇವೇ ಸರ್ಕಾರಿ ಪತ್ರಗಳನ್ನು ಇಟ್ಟುಕೊಂಡಿರುತ್ತದೆ. ಯೀಲ್ಡ್ ಒಂದು ಪರ್ಸೆಂಟ್ ಏರಿದರೆ ಹತ್ತು ವರ್ಷದ ಪತ್ರದ ಬೆಲೆ ನೂರಕ್ಕೆ ಏಳು ರೂಪಾಯಿಯಷ್ಟು ಕುಸಿಯುತ್ತದೆ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಲೆಕ್ಕದಲ್ಲಿ ತೋರಿಸಿದ್ದನ್ನು ಬಿಟ್ಟು, ಉಳಿದದ್ದಕ್ಕೆ ಬ್ಯಾಂಕು ಲಾಭದಿಂದ ಹಣ ತೆಗೆದಿಡಬೇಕು. ಷೇರುದಾರರ ಸಭೆಯಲ್ಲಿ ಡಿವಿಡೆಂಡ್ ಯಾಕೆ ಕಡಿಮೆಯಾಯಿತೆಂದು ಮೇಜು ಗುದ್ದುವವರಲ್ಲಿ ನೀವೂ ಒಬ್ಬರಿರಬಹುದು! ಕರ್ನಾಟಕ ಸರ್ಕಾರವೂ ಮಂಗಳವಾರದ ಲಿಲಾವಿನಲ್ಲಿ ಸಾಲ ಎತ್ತುವಾಗ ಕೇಂದ್ರದ ದರದ ಮೇಲೆ ಒಂದಿಷ್ಟು ಹೆಚ್ಚು ಕೊಟ್ಟೇ ಎತ್ತುತ್ತದೆ. ಅಲ್ಲಿ ಏರಿದರೆ ಇಲ್ಲಿಯೂ ಏರಿತು, ತೀರಿಸುವವರು ನಾವು.

ಮೊಮ್ಮಗನಿಗೆ ಹೇಳಿ: ನಿಮ್ಮಂಥವರು ಹಾಕುವುದು ದರ ಹೇಳದ ಬಿಡ್. ₹10,000ದಿಂದ ಶುರು. ಗೆದ್ದವರ ಸರಾಸರಿ ಬೆಲೆಯೇ ನಿಮ್ಮ ಬೆಲೆ, ತಿರಸ್ಕಾರದ ಭಯ ಹೆಚ್ಚಿಲ್ಲ. ಇಡೀ ಲಿಲಾವು ರದ್ದಾದರೆ ಹಣ ವಾಪಸ್ಸು.

ಇದನ್ನೆಲ್ಲ ನಮ್ಮ ಕಡೆ ಹೇಳುವವರು ಯಾರು? ಒಮ್ಮೆ ಹುಬ್ಬಳ್ಳಿಯ ಒಂದು ಬ್ಯಾಂಕಿಗೆ ಹೋಗಿ ಸರ್ಕಾರಿ ಸಾಲಪತ್ರ ಬೇಕೆಂದೆ. ಕೌಂಟರಿನ ಹುಡುಗ ಬಹಳ ಮರ್ಯಾದೆಯಿಂದ ಕೂರಿಸಿ, ಚಹಾ ತರಿಸಿ, ಇಪ್ಪತ್ತು ವರ್ಷದ ವಿಮಾ ಪಾಲಿಸಿಯ ಫಾರ್ಮು ಮುಂದಿಟ್ಟ. ನನ್ನ ವಯಸ್ಸನ್ನಾದರೂ ನೋಡಬೇಕಿತ್ತು. ಪತ್ರಿಕೆಗಳೂ ಕಡಿಮೆಯಿಲ್ಲ. ಚಿನ್ನದ ದರ, ಸೆನ್ಸೆಕ್ಸ್ ದಿನಾ ಬರುತ್ತವೆ. ನಮ್ಮದೇ ಸರ್ಕಾರ ನಮ್ಮ ಹೆಸರಲ್ಲಿ ಸಾವಿರಾರು ಕೋಟಿ ಸಾಲ ತಂದ ಬಡ್ಡಿ ಎಷ್ಟೆಂದು ಒಂದು ಸಾಲು ಇರುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ಮುಂದಿನ ಸಂಚಿಕೆಯಿಂದ, ಬ್ಯಾಡಗಿ ಮತ್ತು ಹುಬ್ಬಳ್ಳಿ ಪೇಟೆಧಾರಣೆಯ ಕೆಳಗೆ, ಶುಕ್ರವಾರದ ಹತ್ತು ವರ್ಷದ ಕಟ್-ಆಫ್, ಡೀಲರುಗಳ ಮೇಲೆ ಬಿದ್ದ ಮೊತ್ತ, ಕರ್ನಾಟಕ ಮಂಗಳವಾರ ಸಾಲ ಎತ್ತಿದ್ದರೆ ಅದರ ದರ, ಈ ಮೂರನ್ನೂ ಹಾಕುತ್ತೇವೆ. ಅಚ್ಚಿನ ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ, ಮಾಸ್ತರರೇ.

— ಸಂಪಾದಕ