ಅನಿಲೀನ್‌ಗೆ ನೈಟ್ರೇಶನ್ ಮಾಡಿದರೆ ಮೆಟಾ ಯಾಕೆ ಬರ್ತದೆ?

"ಉಡುಪಿಯಲ್ಲಿ ಸೆಕೆಂಡ್ ಪಿಯು. –NH₂ ಆರ್ಥೋ–ಪ್ಯಾರಾಕ್ಕೆ ಕಳಿಸ್ತದೆ ಅಂತ ಓದಿದ್ದೇವೆ. ಮತ್ತೆ ಅನಿಲೀನ್ ನೈಟ್ರೇಶನ್‌ನಲ್ಲಿ 47% ಮೆಟಾ ಹೇಗೆ ಸರ್?"

ನೀವು ಓದಿದ್ದು ಸರಿಯೇ ಮಾರಾಯ್ರೆ, ಆದರೆ ಫ್ಲಾಸ್ಕಿನಲ್ಲಿ ಈಗ –NH₂ ಹೆಚ್ಚುಕಡಿಮೆ ಉಳಿದೇ ಇಲ್ಲ.

ಮೊದಲು –NH₂ ಇರುವಾಗಿನ ಕಥೆ. NO₂⁺ ಪ್ಯಾರಾ ಕಾರ್ಬನ್ನಿಗೆ ಅಂಟಿದ ಕ್ಷಣ ಉಂಗುರಕ್ಕೆ ಧನ ಚಾರ್ಜ್ ಬರ್ತದೆ. ಅದು ಹಂಚಿಹೋಗುವ ಮೂರು ಕಾರ್ಬನ್‌ಗಳಲ್ಲಿ ಒಂದು ನೈಟ್ರೋಜನ್ ಹಿಡಿದಿರುವ ಕಾರ್ಬನ್. ನೈಟ್ರೋಜನ್ ತನ್ನ ಒಂಟಿ ಜೋಡಿ ಎಲೆಕ್ಟ್ರಾನ್ ಕೊಟ್ಟು ಅದನ್ನು ತಣಿಸ್ತದೆ. ಆರ್ಥೋದಲ್ಲೂ ಹೀಗೆಯೇ. ಮೆಟಾಕ್ಕೆ ಅಂಟಿದರೆ ಚಾರ್ಜ್ ಆ ಕಾರ್ಬನ್ನಿಗೆ ಬರುವುದೇ ಇಲ್ಲ, ಹಾಗಾಗಿ ಸಹಾಯವೂ ಇಲ್ಲ.

ಈಗ HNO₃/H₂SO₄ ಹಾಕಿ. ಅನಿಲೀನ್ ಪ್ರತ್ಯಾಮ್ಲವಲ್ಲವೇ, ಪ್ರೋಟಾನ್ ಹಿಡಿದು –NH₃⁺ ಆಗ್ತದೆ. ಕೊಡಲು ಒಂಟಿ ಜೋಡಿ ಇಲ್ಲ. ಆರ್ಥೋ–ಪ್ಯಾರಾ ದಾಳಿಯಾದರೆ ಧನ ಚಾರ್ಜಿನ ಪಕ್ಕದಲ್ಲೇ ಇನ್ನೊಂದು ಧನ ಚಾರ್ಜ್, ಅದು ದುಬಾರಿ. ಅದಕ್ಕೇ ಮೆಟಾ ಏರ್ತದೆ. ಪೂರ್ತಿ ಮೆಟಾ ಮಾತ್ರ ಆಗುವುದಿಲ್ಲ: –NH₃⁺ ಉಂಗುರವೂ ಒಂದಿಷ್ಟು ಪ್ಯಾರಾ ಕೊಡ್ತದೆ, ಚೂರುಪಾರು ಉಳಿದ ಅನಿಲೀನ್ ಬಹಳ ವೇಗವಾಗಿ ವರ್ತಿಸ್ತದೆ. ಸ್ವಲ್ಪ ಆಕ್ಸಿಡೀಕರಣವಾಗಿ ಕಪ್ಪು ಟಾರ್ ಕೂಡ ಆಗ್ತದೆ.

ಪ್ಯಾರಾ ಬೇಕಿದ್ದರೆ ಮೊದಲು ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟನಿಲೈಡ್ ಮಾಡಿಕೊಳ್ಳಿ. ಒಂಟಿ ಜೋಡಿಯನ್ನು ಕಾರ್ಬೊನಿಲ್ ಅರ್ಧ ಎಳೆದುಕೊಳ್ಳುವುದರಿಂದ ನೈಟ್ರೋಜನ್ ಸುಲಭವಾಗಿ ಪ್ರೋಟಾನ್ ಹಿಡಿಯುವುದಿಲ್ಲ, ಆದರೂ ಉಂಗುರಕ್ಕೆ ಕೊಡುವಷ್ಟು ಉಳಿದಿರ್ತದೆ. ಗುಂಪು ದಪ್ಪ, ಆರ್ಥೋಗೆ ಅಡ್ಡ. ನೈಟ್ರೇಶನ್ ಐಸ್‌ನಲ್ಲೇ ಮಾಡಿ, ನಮ್ಮ ಕಡೆಯ ಸೆಕೆಗೆ ಐಸ್ ಜಾಸ್ತಿಯೇ ಇಟ್ಟುಕೊಳ್ಳಿ. ಎಥನಾಲ್‌ನಲ್ಲಿ ಮರುಹರಳುಗಟ್ಟಿಸಿದಾಗ ಹಳದಿ ಆರ್ಥೋ ದ್ರಾವಣದಲ್ಲೇ ಉಳಿದು ಪ್ಯಾರಾ ಹರಳು ಬೀಳ್ತದೆ. ಕೊನೆಗೆ ಆಮ್ಲದಲ್ಲಿ ಕುದಿಸಿ ಪ್ರತ್ಯಾಮ್ಲ ಹಾಕಿದರೆ ಹಳದಿ ಪ್ಯಾರಾ-ನೈಟ್ರೋಅನಿಲೀನ್.