ಆರು ವಿಷಲ್ ಆದರೂ ಬೇಯದ ತೊಗರಿಬೇಳೆ

ಪ್ರಶ್ನೆ: ಮೇಡಂ, ಹೋದ ವರ್ಷ ಸಂಕ್ರಾಂತಿ ಟೈಮಲ್ಲಿ ಹತ್ತು ಕೆಜಿ ತೊಗರಿಬೇಳೆ ತಂದು ಅಟ್ಟದ ಮೇಲೆ ಸ್ಟೀಲ್ ಡ್ರಮ್‌ನಲ್ಲಿ ಇಟ್ಟಿದ್ದೆವು. ಮೊದಲು ಮೂರು ವಿಷಲ್‌ಗೆ ಬೆಣ್ಣೆ ಥರ ಬೇಯುತ್ತಿತ್ತು. ಈಗ ಆರು ಕೂಗಿಸಿದರೂ ಕಾಳು ಕಾಳಾಗೇ ಇರುತ್ತದೆ. ಗ್ಯಾಸ್ಕೆಟ್ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಅದೇ ಕುಕ್ಕರ್‌ನಲ್ಲಿ ಹೆಸರುಬೇಳೆ ಎರಡಕ್ಕೇ ಬೇಯುತ್ತದೆ. ಯಾವ ಬೇಳೆಗೆ ಎಷ್ಟು ವಿಷಲ್ ಅಂತ ಹೇಳ್ತೀರಾ?
(ಶಿಡ್ಲಘಟ್ಟದಿಂದ ಒಬ್ಬ ಓದುಗರು)

ಉತ್ತರ: ಪಾಪ, ಗ್ಯಾಸ್ಕೆಟ್ ದುಡ್ಡು ದಂಡ ಆಯಿತು. ಹೆಸರುಬೇಳೆ ಎರಡಕ್ಕೇ ಬೇಯುತ್ತಿದೆ ಅಂದಮೇಲೆ ನಿಮ್ಮ ಕುಕ್ಕರ್ ಒಳಗೆ ಒತ್ತಡ ಸರಿಯಾಗೇ ಕಟ್ಟುತ್ತಿದೆ. ಕೆಟ್ಟಿರುವುದು ಬೇಳೆ. ಕೆಟ್ಟಿದೆ ಅಂದರೆ ಹುಳ ಹಿಡಿದು, ಮುಗ್ಗಲಾಗಿ ಅಲ್ಲ, ತಿನ್ನೋದಕ್ಕೆ ಏನೂ ತೊಂದರೆ ಇಲ್ಲ. ಬೇಯುವ ಗುಣ ಹೋಗಿದೆ ಅಷ್ಟೇ.

ಹಳೇ ಬೇಳೆ ಒಣಗಿ ಗಟ್ಟಿಯಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಒಣಗಿದ್ದಷ್ಟೇ ಆಗಿದ್ದರೆ ರಾತ್ರಿ ನೆನೆಹಾಕಿದರೆ ಸರಿ ಹೋಗಬೇಕಿತ್ತು, ಅಲ್ವಾ? ಹೋಗುವುದಿಲ್ಲ. ಒಳಗೆ ನಡೆದಿರುವುದೇ ಬೇರೆ. ಒಂದೊಂದು ಬೇಳೆಯೂ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಣೆಗಳನ್ನು ಅಂಟಿಸಿ ಕಟ್ಟಿದ ಗೋಡೆ ಇದ್ದ ಹಾಗೆ. ಆ ಅಂಟಿನ ಹೆಸರು ಪೆಕ್ಟಿನ್. ಹಣ್ಣಿನ ಜಾಮ್ ಗಟ್ಟಿಯಾಗುವುದೂ ಇದರಿಂದಲೇ. ಬಿಸಿನೀರಲ್ಲಿ ಈ ಅಂಟು ಕರಗಿ ಕೋಣೆಗಳು ಒಂದರಿಂದೊಂದು ಬಿಟ್ಟುಕೊಂಡರೆ ಅದನ್ನೇ ನಾವು ಬೇಳೆ ಬೆಂತು ಅನ್ನುವುದು. ಹೊಸ ಬೇಳೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಫೈಟೇಟ್ ಅನ್ನುವ ಇನ್ನೊಂದು ವಸ್ತುವಿನ ಹಿಡಿತದಲ್ಲಿ ಇರುತ್ತವೆ. ಬೇಳೆ ತಿಂಗಳುಗಟ್ಟಲೆ ಸೆಕೆಯಲ್ಲಿ, ಸ್ವಲ್ಪ ತೇವದಲ್ಲಿ ಕೂತರೆ ಅದರೊಳಗಿನ ಕಿಣ್ವವೇ ಫೈಟೇಟನ್ನು ನಿಧಾನಕ್ಕೆ ಒಡೆಯುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಹೋಗಿ ಆ ಅಂಟನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಅಂಟು ಬಿಸಿನೀರಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಹಳೇ ಕಾಳು ಬೇಯದಿರುವುದಕ್ಕೆ ಬೇರೆ ಸಣ್ಣಪುಟ್ಟ ಕಾರಣಗಳೂ ಸೇರಿಕೊಳ್ಳುತ್ತವೆ, ಮುಖ್ಯವಾದದ್ದು ಇದು.

ನಿಮ್ಮ ಡ್ರಮ್ ಇದ್ದ ಜಾಗ ನೋಡಿ. ಬೇಸಿಗೆಯಲ್ಲಿ ಅಡುಗೆಮನೆ ಅಟ್ಟಕ್ಕಿಂತ ಸೆಕೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಒಲೆಯ ಶಾಖ, ಆವಿ ಎರಡೂ ಮೇಲಕ್ಕೇ ಹೋಗುತ್ತವೆ. ಹರಳೆಣ್ಣೆ ಸವರಿ ಇಟ್ಟಿದ್ದೆವು ಅನ್ನಬಹುದು ನೀವು. ಹುಳಕ್ಕೆ ಅದು ಒಳ್ಳೆಯದೇ, ಆದರೆ ಈ ಗಟ್ಟಿಯಾಗುವುದನ್ನು ತಡೆಯುವುದಿಲ್ಲ.

ಇನ್ನೊಂದು ಅನುಮಾನ ನೀರಿನ ಮೇಲೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ, ಎಷ್ಟೋ ಕಡೆ ನೀರು ಗಡಸು. ಆ ನೀರಲ್ಲೂ ಇರುವುದು ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅಂದರೆ ಬೇಳೆ ಒಳಗಿನಿಂದ ಒಂದು ಸಲ, ಹೊರಗಿನಿಂದ ಇನ್ನೊಂದು ಸಲ ಗಟ್ಟಿಯಾಗುತ್ತದೆ. ಕುಕ್ಕರ್ ತಳದಲ್ಲಿ ಬಿಳೀ ಪೊರೆ ಕಟ್ಟುತ್ತಿದ್ದರೆ, ಸೋಪು ನೊರೆ ಬಾರದೆ ಸತಾಯಿಸಿದರೆ ನಿಮ್ಮದು ಅಂಥ ನೀರೇ.

ತಪ್ಪು ಬೇಳೆಯದೋ ನೀರಿನದೋ ಅಂತ ಒಂದೇ ಸಲಕ್ಕೆ ಕಂಡುಹಿಡಿಯಬಹುದು. ನಮ್ಮ ಮನೆಯಲ್ಲೂ ಒಮ್ಮೆ ಹೀಗೇ ಆಗಿತ್ತು, ಆಗ ನಾನು ಮಾಡಿದ್ದು ಇದು. ಐದು ಲೀಟರ್ ಕುಕ್ಕರ್ ತಳಕ್ಕೆ ಒಂದು ಇಂಚು ನೀರು ಹಾಕಿ ಮೂರು ಸ್ಟೀಲ್ ಲೋಟ ಇಟ್ಟೆ. ಮೊದಲನೆಯದಕ್ಕೆ ಕಾಲು ಕಪ್ ಹಳೇ ಬೇಳೆ, ಮುಕ್ಕಾಲು ಕಪ್ ಬೋರ್ ನೀರು. ಎರಡನೆಯದಕ್ಕೆ ಅದೇ ಹಳೇ ಬೇಳೆ, ಅಷ್ಟೇ ಅಳತೆಯ ಫಿಲ್ಟರ್ ನೀರು. ಮೂರನೆಯದಕ್ಕೆ ಅವತ್ತು ಅಂಗಡಿಯಿಂದ ತಂದ ಹೊಸ ಬೇಳೆ, ಬೋರ್ ನೀರು. ಅರಿಶಿನ, ಎಣ್ಣೆ, ಉಪ್ಪು ಯಾವುದೂ ಇಲ್ಲ. ಮೊದಲ ವಿಷಲ್ ಆದಮೇಲೆ ಉರಿ ಸಣ್ಣ ಮಾಡಿ ಹನ್ನೆರಡು ನಿಮಿಷ ಬಿಟ್ಟು, ಒತ್ತಡ ತಾನಾಗಿ ಇಳಿಯುವವರೆಗೂ ಮುಟ್ಟಲಿಲ್ಲ.

ತೆಗೆದು ನೋಡಿದರೆ ಮೊದಲನೇ ಲೋಟದಲ್ಲಿ ಮೇಲೆ ತಿಳಿ ನೀರು, ಕೆಳಗೆ ಕಾಳು. ಬೆರಳಲ್ಲಿ ಒತ್ತಿದರೆ ಬೇಳೆ ಎರಡು ಹೋಳಾಗಿ ಜಾರಿತು, ನುರಿಯಲಿಲ್ಲ. ಎರಡನೆಯದರಲ್ಲಿ ಅಂಚು ಮೆತ್ತಗಾಗಿತ್ತು, ನಡುವೆ ಮಾತ್ರ ಹಲ್ಲಿಗೆ ಸಿಗುವಂಥ ಒಂದು ಗಟ್ಟಿ ಚುಕ್ಕೆ. ಮೂರನೆಯದು ಸೌಟು ತಾಗಿಸಿದರೆ ಸಾಕು, ಕದಡಿ ಹಳದಿ ಕಟ್ಟಾಯಿತು. ಹಾಗಾಗಿ ನಮ್ಮ ಮನೆಯಲ್ಲಿ ದೊಡ್ಡ ತಪ್ಪು ಬೇಳೆಯದು, ಚಿಕ್ಕ ತಪ್ಪು ನೀರಿನದು. ನಿಮ್ಮಲ್ಲಿ ಎರಡನೇ ಲೋಟ ಪೂರ್ತಿ ಬೆಂದು ಬಂದರೆ ಖುಷಿ ಪಡಿ, ಬೇಯಿಸುವುದಕ್ಕೆ ಮಾತ್ರ ಫಿಲ್ಟರ್ ನೀರು ಬಳಸಿದರೆ ಮುಗಿಯಿತು. ಫಿಲ್ಟರ್ ಇಲ್ಲದಿದ್ದರೆ ಬೋರ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಬಿಳೀ ಚರಟ ತಳಕ್ಕೆ ಕೂತಮೇಲೆ ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಕುದಿಸಿದರೆ ಹೋಗುವ ಗಡಸು ಇದೆ, ಹೋಗದ ಗಡಸೂ ಇದೆ, ಎಷ್ಟು ಹೋಗುತ್ತದೆ ಅನ್ನುವುದು ನಿಮ್ಮ ಬೋರ್ ನೀರಿನ ಮೇಲೆ.

ಈಗ ವಿಷಲ್ ಲೆಕ್ಕ. ವಿಷಲ್ ಅಂದರೆ ಟೈಮ್ ಅಲ್ಲ ಕಣ್ರೀ. ಒಳಗಿನ ಒತ್ತಡ ಮಿತಿ ಮುಟ್ಟಿದಾಗ ಮೇಲಿನ ವೆಯ್ಟ್ ಎದ್ದು ಹೆಚ್ಚಾದ ಆವಿಯನ್ನು ಹೊರಗೆ ಬಿಡುತ್ತದೆ. ಅಷ್ಟು ಹೊತ್ತಿಗೆ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಆರನೇ ವಿಷಲ್‌ಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಜೋರು ಉರಿಯಲ್ಲಿ ಚಿಕ್ಕ ಕುಕ್ಕರ್ ನಿಮಿಷಕ್ಕೊಂದು ಕೂಗಬಹುದು, ಸಣ್ಣ ಉರಿಯಲ್ಲಿ ದೊಡ್ಡ ಕುಕ್ಕರ್ ನಾಲ್ಕೈದು ನಿಮಿಷಕ್ಕೆ ಒಂದು ಸಲ. ಹಾಗಾದರೆ ನಿಮ್ಮ ಆರು ವಿಷಲ್ ಅಂದರೆ ಏಳು ನಿಮಿಷವೋ ಇಪ್ಪತ್ತೈದು ನಿಮಿಷವೋ? ಪಕ್ಕದ ಮನೆಯವರ ಮೂರು ನಮ್ಮ ಮನೆಗೆ ಹೊಂದದಿರುವುದು ಇದಕ್ಕೇ. ಬೇಳೆಯನ್ನು ನೇರವಾಗಿ ಕುಕ್ಕರ್‌ಗೆ ಹಾಕುತ್ತೀರೋ, ಒಳಗೆ ಡಬ್ಬಿಯಲ್ಲಿ ಇಡುತ್ತೀರೋ ಅನ್ನುವುದರಿಂದಲೂ ಲೆಕ್ಕ ಬದಲಾಗುತ್ತದೆ. ಡಬ್ಬಿಯ ನಡುವಿನವರೆಗೆ ಬಿಸಿ ಹೋಗುವುದಕ್ಕೆ ಎರಡು ಮೂರು ನಿಮಿಷ ಜಾಸ್ತಿ ಬೇಕು.

ಅದಕ್ಕೇ ನಾನು ಹೇಳುವುದು, ಮೊದಲ ಕೂಗು ಬಂದಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ಹೊಸ ಬೇಳೆ, ನೇರವಾಗಿ ಕುಕ್ಕರ್‌ನಲ್ಲಿ, ಅಂತ ಇಟ್ಟುಕೊಂಡರೆ ಹೆಸರುಬೇಳೆಗೆ ಮೂರು ನಾಲ್ಕು ನಿಮಿಷ ಸಾಕು. ಅದು ಸಣ್ಣದು, ತೆಳ್ಳಗಿದೆ, ನೀರು ನಡುವಿಗೆ ಬೇಗ ಮುಟ್ಟುತ್ತದೆ. ಕೆಂಪು ಮಸೂರ ಬೇಳೆಯೂ ಹೆಚ್ಚುಕಮ್ಮಿ ಅದೇ ಲೆಕ್ಕ. ತೊಗರಿಬೇಳೆಗೆ ಎಂಟರಿಂದ ಹತ್ತು ನಿಮಿಷ. ಕಡಲೆಬೇಳೆ ದಪ್ಪ, ಒತ್ತಾಗಿಯೂ ಇರುತ್ತದೆ, ಒಂದು ಗಂಟೆ ನೆನೆಸಿದರೂ ಹನ್ನೆರಡರಿಂದ ಹದಿನೈದು ಕೇಳುತ್ತದೆ. ರಾತ್ರಿ ನೆನೆಸಿದ ಕಡಲೆಕಾಳು, ಹುರುಳಿಕಾಳಿಗೆ ಹದಿನೈದು, ಇಪ್ಪತ್ತು. ವಿಷಲ್ ಭಾಷೆಯಲ್ಲೇ ಬೇಕು ಅಂದರೆ ಮಧ್ಯಮ ಉರಿಯಲ್ಲಿ ಹೆಸರಿಗೆ ಒಂದು ಎರಡು, ತೊಗರಿಗೆ ಮೂರು ನಾಲ್ಕು, ನೆನೆಸಿದ ಕಡಲೆಬೇಳೆಗೆ ನಾಲ್ಕೈದು. ನಿಮ್ಮ ಒಲೆಗೆ ತಕ್ಕ ಹಾಗೆ ಒಂದು ಆಚೀಚೆ ಆಗುತ್ತದೆ. ಕೂಡಲೇ ವೆಯ್ಟ್ ಎತ್ತಿ ಆವಿ ಬಿಡಬೇಡಿ. ತಾನಾಗಿ ಇಳಿಯುವ ಆ ಹತ್ತು ನಿಮಿಷದಲ್ಲೂ ಬೇಳೆ ಬೇಯುತ್ತಿರುತ್ತದೆ. ಯಾವ ಬೇಳೆಯಾದರೂ ನೀರೂ ಸೇರಿ ಅರ್ಧ ಕುಕ್ಕರ್ ದಾಟಬಾರದು, ನೊರೆ ಉಕ್ಕಿ ಆವಿ ಹೋಗುವ ತೂತು ಕಟ್ಟಿಕೊಂಡರೆ ಅಪಾಯ.

ನಂದಿಬೆಟ್ಟ ಹತ್ತಿರ ಇರುವುದರಿಂದ ಒಂದು ಮಾತು. 1478 ಮೀಟರ್ ಎತ್ತರದ ಆ ತುದಿಯಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಕುಕ್ಕರ್‌ನಲ್ಲಿ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಶಿಡ್ಲಘಟ್ಟದ ಎತ್ತರದ ಮೇಲಂತೂ ತಪ್ಪು ಹೊರಿಸುವ ಹಾಗಿಲ್ಲ.

ಉಳಿದ ಬೇಳೆಗೆ ಏನು ಮಾಡುವುದು? ಫಿಲ್ಟರ್ ನೀರನ್ನು ಕೈ ತಡೆಯುವಷ್ಟು ಬಿಸಿ ಮಾಡಿ, ಒಂದು ಕಪ್ ಬೇಳೆಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಒಂದು ಗಂಟೆ ನೆನೆಸಿ. ಉಪ್ಪು ಹಾಕಿದರೆ ಬೇಳೆ ಬೇಯಲ್ಲ ಅಂತ ನಮ್ಮಮ್ಮನೂ ಹೇಳುತ್ತಿದ್ದರು, ಆದರೆ ನೆನೆಸುವ ನೀರಲ್ಲಿ ಉಪ್ಪು ಉಲ್ಟಾ ಕೆಲಸ ಮಾಡುತ್ತದೆ. ಅದರಲ್ಲಿನ ಸೋಡಿಯಂ ಅಂಟಿನಲ್ಲಿ ಕೂತ ಕ್ಯಾಲ್ಸಿಯಂ ಅನ್ನು ಸ್ವಲ್ಪ ಸ್ವಲ್ಪ ಎಬ್ಬಿಸಿ ತಾನು ಕೂರುತ್ತದೆ. ಆ ನೀರು ಚೆಲ್ಲಿ, ಹೊಸ ಫಿಲ್ಟರ್ ನೀರಲ್ಲಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಡಿ. ಟೊಮೇಟೊ, ಹುಣಸೆಹಣ್ಣು ಜೊತೆಗೆ ಹಾಕಲೇಬೇಡಿ. ಹುಳಿ ಇದ್ದರೆ ಅಂಟು ಕರಗುವುದಿಲ್ಲ. ಮಸ್ಸೊಪ್ಪಿಗೆ ಸೊಪ್ಪು, ಟೊಮೇಟೊ, ಬೇಳೆ ಎಲ್ಲ ಒಟ್ಟಿಗೆ ಕೂಗಿಸುವ ಅಭ್ಯಾಸ ನಮ್ಮ ಕಡೆ ಇದೆ. ಹೊಸ ಬೇಳೆ ಅದನ್ನು ತಡೆದುಕೊಳ್ಳುತ್ತದೆ, ಹಳೆಯದು ತಡೆಯುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಒಂದು ಚಿಟಿಕೆ ಅಡುಗೆ ಸೋಡ. ಖಂಡಿತ ಬೇಯುವಂತೆ ಮಾಡುತ್ತದೆ, ಆದರೆ ಬೇಳೆಯ ಬಿ1 ವಿಟಮಿನ್ ಹಾಳಾಗುತ್ತದೆ, ಚಿಟಿಕೆ ಸ್ವಲ್ಪ ದಪ್ಪವಾದರೆ ಸಾರು ಸೋಪಿನ ವಾಸನೆ ಹೊಡೆಯುತ್ತದೆ. ನನಗೆ ಇಷ್ಟವಿಲ್ಲದ ದಾರಿ. ನನ್ನನ್ನು ಕೇಳಿದರೆ ಆ ಡ್ರಮ್ಮಿನ ಬೇಳೆಯನ್ನು ಸಾರಿಗೆ ಹಾಕಿ ಒದ್ದಾಡುವುದಕ್ಕಿಂತ ನುಚ್ಚಿನುಂಡೆಗೆ ತೆಗೆದಿಡಿ. ಮೂರು ನಾಲ್ಕು ಗಂಟೆ ನೆನೆಸಿ ತರಿತರಿಯಾಗಿ ರುಬ್ಬುತ್ತೀರಲ್ಲ, ಕೋಣೆಗಳನ್ನು ಒಡೆಯುವ ಕೆಲಸ ಅರ್ಧಕ್ಕರ್ಧ ಮಿಕ್ಸಿಯೇ ಮಾಡಿಬಿಡುತ್ತದೆ, ಉಳಿದದ್ದು ಹಬೆಗೆ ಬಿಟ್ಟಿದ್ದು. ಹಬೆಯಲ್ಲಿ ಮಾಮೂಲಿಗಿಂತ ಐದು ನಿಮಿಷ ಜಾಸ್ತಿ ಇಡಿ, ಸಬ್ಬಸಿಗೆ ಸೊಪ್ಪು ಧಾರಾಳವಾಗಿ ಹಾಕಿ.

ಇನ್ನು ಹೊಸ ಬೇಳೆ ತಂದಾಗ ಎರಡು ಮೂರು ತಿಂಗಳಿಗೆ ಆಗುವಷ್ಟೇ ತನ್ನಿ, ಡಬ್ಬಿಯನ್ನು ಒಲೆಯಿಂದ ದೂರ, ನೆಲದ ಹತ್ತಿರ, ತಣ್ಣಗಿರುವ ಕಡೆ ಇಡಿ. ನಮ್ಮಲ್ಲಿ ತೊಗರಿ ಒಕ್ಕಣೆ ಡಿಸೆಂಬರ್, ಜನವರಿ ಹೊತ್ತಿಗೆ. ಹಾಗಾಗಿ ದಸರಾ ಟೈಮಲ್ಲಿ ಅಂಗಡಿಯಿಂದ ತಂದದ್ದೂ ಒಂಬತ್ತು ಹತ್ತು ತಿಂಗಳ ಹಳೆಯದಾಗಿರಬಹುದು. ಆಗ ಒಂದೆರಡು ನಿಮಿಷ ಜಾಸ್ತಿ ಇಡಬೇಕಾದರೆ ಗಾಬರಿ ಬೇಡ. ಮತ್ತೆ, ಹಳೇ ಬೇಳೆ ಉಳಿದಿರುವ ಡಬ್ಬಿಗೆ ಹೊಸದನ್ನು ಸುರಿಯಬೇಡಿ. ಅರ್ಧ ಕರಗಿ ಅರ್ಧ ಕಾಳಾಗಿ ನಿಂತ ಸಾರು ಬಡಿಸಿದರೆ ಮನೆಯವರು ಮತ್ತೆ ಗ್ಯಾಸ್ಕೆಟ್ ಮೇಲೇ ಅನುಮಾನ ಪಡುತ್ತಾರೆ.